ದೇವರ ಮನೆ ಚಾವಣಿಯ ಕರಿ: ಮಸಿಯೋ, ಹೊಗೆಯ ಜಿಡ್ಡೋ, ಬೂಷ್ಟೋ?

ಪೈಂಟ್ ಹೊಡೆಸಿ ವರ್ಷ ತುಂಬಿಲ್ಲ, ದೇವರ ಮನೆ ಚಾವಣಿ ಮತ್ತೆ ಹಳದಿಗೆ ತಿರುಗಿದೆ, ಅದರ ಮೇಲೆ ಕರಿ ಬೇರೆ ಕೂತಿದೆ. ಹಾಸನಾಂಬೆ ಬಾಗಿಲು ತೆಗೆಯುವ ದಿನಗಳು ಹತ್ತಿರವಾದ ಹಾಗೆ ಹಾಸನದ ನಮ್ಮ ಪೈಂಟ್ ಅಂಗಡಿಗೆ ಈ ದೂರು ಹೊತ್ತು ಬರುವವರು ಜಾಸ್ತಿಯಾಗುತ್ತಾರೆ. ದೀಪಾವಳಿ ಹೊತ್ತಿಗೆ ಮನೆ ಚೊಕ್ಕಟವಾಗಬೇಕಲ್ವಾ. ಎಲ್ಲರೂ ಕೇಳುವುದು ಒಂದೇ: "ಯಾವ ಪೈಂಟ್ ಹೊಡೆದ್ರೆ ಇದು ಕಾಣಲ್ಲ?" ಡಬ್ಬ ತೆಗೆಯುವ ಮೊದಲು ನಾನು ಕೇಳುವುದು ಬೇರೆ: "ಒದ್ದೆ ಬಟ್ಟೇಲಿ ಒರೆಸಿದ್ರಾ?" ಹೂಂ ಅಂತಾರೆ. ತೊಂದರೆ ಅರ್ಧ ಅಲ್ಲೇ ಶುರುವಾಗಿರುತ್ತದೆ.

ದೀಪದ ಮಸಿ ಅಂದರೆ ಸುಡದೆ ಉಳಿದ ಇಂಗಾಲದ ಪುಡಿ. ಅದು ನೀರಿನಲ್ಲಿ ಕರಗುವುದಿಲ್ಲ, ಸೋಪಿನಲ್ಲೂ ಕರಗುವುದಿಲ್ಲ. ಕಣ ಎಷ್ಟು ಸಣ್ಣದೆಂದರೆ ಪೈಂಟಿನ ಮೇಲ್ಮೈಯ ಸಣ್ಣ ಸಣ್ಣ ತೂತಿನೊಳಗೆ ಸಲೀಸಾಗಿ ಇಳಿಯುತ್ತದೆ. ಒಣಗಿದ್ದಾಗ ಅದು ಗೋಡೆಯ ಮೇಲೆ ಸುಮ್ನೆ ಕೂತಿರುತ್ತದೆ. ಒದ್ದೆ ಬಟ್ಟೆ ಹಾಕಿ ಉಜ್ಜಿದಿರೋ, ನೀವೇ ಅದನ್ನು ಒಳಗೆ ತುಂಬಿದ ಹಾಗೆ. ಅಂಗೈ ಅಗಲದ ಕಪ್ಪು, ಮೊರದಗಲದ ಬೂದು ಆಗುತ್ತದೆ. ಆಮೇಲೆ ಅದನ್ನು ಈಚೆ ತರುವುದು ಕಷ್ಟ.

ಆದರೆ ಚಾವಣಿಯಲ್ಲಿ ಕಾಣುವುದೆಲ್ಲ ಮಸಿಯೇ ಅಲ್ಲ. ಅಗರಬತ್ತಿಯದು ಬೇರೆ ಕಥೆ. ಅದು ಉರಿಯುವುದಿಲ್ಲ, ಕೆಂಡವಾಗಿ ನಿಧಾನಕ್ಕೆ ಕನಲುತ್ತದೆ. ಹಾಗಾಗಿ ಅದರ ಹೊಗೆಯಲ್ಲಿ ಕರಿಪುಡಿಗಿಂತ ಡಾಂಬರಿನಂಥ ಕಂದು ಅಂಟಿನ ಹನಿಗಳೇ ಜಾಸ್ತಿ. ತಣ್ಣನೆಯ ಗೋಡೆಗೆ ತಾಗಿದಾಗ ಅವು ಅಲ್ಲೇ ಹಿಡಿದುಕೊಂಡು ಹಳದಿ ಪದರವಾಗುತ್ತವೆ. ಲೋಬಾನ, ಸಾಂಬ್ರಾಣಿ, ಕಪ್ ಧೂಪ ಎಲ್ಲದರ ಹೊಗೆಯೂ ಇದೇ ಜಾತಿ. ದೀಪದ ಎಣ್ಣೆಯ ಆವಿಯೂ ಸ್ವಲ್ಪ ಸೇರಿ ಜಿಡ್ಡಾಗುತ್ತದೆ. ಈ ಅಂಟಿನ ಮೇಲೆ ಮಸಿ ಬಂದು ಕೂತರೆ ಪೊರಕೆಗೂ ಜಗ್ಗುವುದಿಲ್ಲ. ಮೂರನೆಯದು ಬೂಷ್ಟು. ಮಲೆನಾಡಿನ ಅಂಚಿನ ನಮ್ಮ ಮಳೆಗೆ ಅದು ದೇವರ ಮನೆಯನ್ನೂ ಬಿಡುವುದಿಲ್ಲ. ದೂರದಿಂದ ನೋಡಿದರೆ ಥೇಟ್ ಮಸಿಯ ಹಾಗೇ ಕಾಣುತ್ತದೆ.

ಮೂರಕ್ಕೂ ಮದ್ದು ಬೇರೆ ಬೇರೆ. ಮೂರೂ ಒಂದೇ ಚಾವಣಿಯಲ್ಲಿ ಸಿಕ್ಕ ಒಂದು ಮನೆಯನ್ನೇ ಇಟ್ಟುಕೊಂಡು ಹೇಳುತ್ತೇನೆ.

ಎಲ್ಲಿ ಕೂತಿದೆ ನೋಡಿ

ಮನೆ ಸಾಲಗಾಮೆ ರಸ್ತೆ ಕಡೆಯದು. ಐದಡಿಗೆ ನಾಲ್ಕಡಿ ದೇವರ ಮನೆ, ಆರ್‌ಸಿಸಿ ಚಾವಣಿ, ಬಿಳಿ ಎಮಲ್ಷನ್. ಮನೆಯ ಅಕ್ಕ ಫೋನಿನಲ್ಲಿ ಫೋಟೊ ತಂದು ತೋರಿಸಿದರು. ಫೋಟೊದಲ್ಲಿ ಎಲ್ಲ ಕಪ್ಪಾಗಿಯೇ ಕಂಡಿತು. ಹೋಗಿ ಟಾರ್ಚ್ ಬಿಟ್ಟು ನೋಡಿದಾಗ ಮೂರು ಬೇರೆ ಬೇರೆ ಗುರುತು ಕಂಡವು.

ದೀಪದ ನೇರ ಮೇಲೆ ಎರಡು ಗೇಣಗಲದ ಗುಂಡನೆಯ ಕಪ್ಪು. ನಡುವೆ ಗಾಢ, ಅಂಚಿಗೆ ಹೋದ ಹಾಗೆ ತೆಳು. ಇದು ದೀಪದ್ದೇ. ಬಿಸಿ ಗಾಳಿ ನೆಟ್ಟಗೆ ಮೇಲೇರಿ ಚಾವಣಿಗೆ ಬಡಿದು ಸುತ್ತ ಹರಡಿದಾಗ ಈ ಆಕಾರ ಬರುತ್ತದೆ. ಅದು ಗುಂಡಗಿರದೆ ಗೋಡೆಯ ಮೇಲೆ ನಾಲಿಗೆಯ ಹಾಗೆ ಉದ್ದಕ್ಕೆ ಎದ್ದಿದ್ದರೆ ದೀಪ ಗೋಡೆಗೆ ತೀರಾ ಹತ್ತಿರ ಇದೆ, ಇಲ್ಲವೇ ಗಾಳಿ ಒಂದು ಕಡೆಗೆ ತಳ್ಳುತ್ತಿದೆ ಅಂತ ಅರ್ಥ.

ಆ ಕಪ್ಪಿನ ಸುತ್ತ, ಹೆಚ್ಚುಕಮ್ಮಿ ಇಡೀ ಚಾವಣಿಗೆ, ಹಳದಿ ಛಾಯೆ. ಅದಕ್ಕೆ ಖಚಿತ ಅಂಚಿಲ್ಲ. ದೇವರ ಪಟ ತೆಗೆದರೆ ಹಿಂದೆ ಗೋಡೆ ಬೆಳ್ಳಗೆ, ಸುತ್ತ ಹಳದಿ. ಇದು ಅಗರಬತ್ತಿಯ ಕೆಲಸ.

ಮೂರನೆಯದು ಹೊರಗೋಡೆ ಸೇರುವ ಮೂಲೆಯಲ್ಲಿತ್ತು. ದೀಪದಿಂದ ದೂರ. ಹತ್ತಿರ ಹೋಗಿ ನೋಡಿದರೆ ಒಂದೇ ಬಳಿದ ಕಪ್ಪಲ್ಲ, ಸಾಸಿವೆ ಸುರಿದ ಹಾಗೆ ಚುಕ್ಕೆ ಚುಕ್ಕೆ. ಮಸಿ ಹೀಗೆ ಚುಕ್ಕೆಯಾಗಿ ಕೂರುವುದಿಲ್ಲ.

ಇನ್ನೊಂದು ಮಾತು. ಮೂಲೆಗಳಲ್ಲಿ ಕಪ್ಪು ಎಳೆಗಳು ನೇತಾಡುತ್ತಿದ್ದರೆ ಅದು ಇಲ್ಲಣ. ಹಳೆ ಅಡುಗೆ ಮನೆ ನೋಡಿದವರಿಗೆ ಗೊತ್ತಿರುತ್ತದೆ. ಅದನ್ನು ಪೊರಕೆಯಲ್ಲಿ ಗೋಡೆಗೆ ಒತ್ತಿ ಎಳೆಯಬೇಡಿ, ಉದ್ದಕ್ಕೂ ಕರಿ ಗೆರೆ ಬೀಳುತ್ತದೆ. ಕೋಲಿನ ತುದಿಗೆ ಸುತ್ತಿಕೊಂಡು ಗೋಡೆಗೆ ತಾಗದ ಹಾಗೆ ಬಿಡಿಸಿಕೊಳ್ಳಿ.

ಕಣ್ಣಿಗೆ ಕಂಡಿದ್ದನ್ನು ಖಾತ್ರಿ ಮಾಡಿಕೊಳ್ಳುವುದು

ದೀಪ, ಅಗರಬತ್ತಿ ಆರಿಸಿ. ಚಾವಣಿಯ ಲೈಟಿನ ಹತ್ತಿರ ಕೈ ಹೋಗುವುದಾದರೆ ಮೇನ್ ಆಫ್ ಮಾಡಿ.

ಬಿಳಿ ಹತ್ತಿಯ ಉಂಡೆ ಒಣಗಿರುವಾಗಲೇ ಕಪ್ಪಿನ ಮೇಲೆ ಒತ್ತಿ ಎತ್ತಿ. ಉಜ್ಜಬೇಡಿ. ಹತ್ತಿಗೆ ಕರಿಪುಡಿ ಹತ್ತಿದರೆ ಅದು ಸಡಿಲ ಮಸಿ, ಒಣ ಕೆಲಸಕ್ಕೇ ಬಹುಪಾಲು ಬಿಡುತ್ತದೆ. ಏನೂ ಹತ್ತದಿದ್ದರೆ ಜಿಡ್ಡು ಅದನ್ನು ಹಿಡಿದುಕೊಂಡಿದೆ, ಇಲ್ಲವೇ ಯಾರೋ ಮೊದಲೇ ಒದ್ದೆ ಮಾಡಿ ಒಳಗೆ ಕೂರಿಸಿದ್ದಾರೆ. ಅಕ್ಕನ ಮನೆಯಲ್ಲಿ ಎರಡೂ ಇತ್ತು. ನಡುವಿನ ಗಾಢ ಭಾಗದಿಂದ ಪುಡಿ ಬಂತು, ಸುತ್ತಲ ಬೂದು ಭಾಗದಿಂದ ಏನೂ ಬರಲಿಲ್ಲ. ಪೈಂಟ್ ಹೊಡೆದ ಮೇಲೆ ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ್ದು ಇಲ್ಲೇ ಗೊತ್ತಾಯಿತು.

ಹಳದಿ ಇರುವಲ್ಲಿ ಇನ್ನೊಂದು ಹತ್ತಿಗೆ ಬಿಸಿನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಮೆಲ್ಲಗೆ ಒರೆಸಿ. ಹತ್ತಿ ಟೀ ಬಣ್ಣಕ್ಕೆ ತಿರುಗಿದರೆ ಮೇಲೆ ಅಗರಬತ್ತಿಯ ಜಿಡ್ಡಿದೆ. ಗೋಡೆ ಹಳದಿಯಾಗಿಯೇ ಉಳಿದು ಹತ್ತಿ ಮಾತ್ರ ಬೆಳ್ಳಗಿದ್ದರೆ ಕಲೆ ಪೈಂಟಿನ ಮೇಲಿಲ್ಲ, ಒಳಗಿಂದ ಬಂದಿದೆ. ಆಗ ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಅದರ ಮಾತು ಮುಂದೆ ಬರುತ್ತದೆ.

ಚುಕ್ಕೆಗಳ ಮೇಲೆ ಬಟ್ಟೆಗೆ ಹಾಕುವ ಬ್ಲೀಚ್ ದ್ರಾವಣವನ್ನು ತೆಳು ಮಾಡಿ ಒಂದು ಹನಿ ಮುಟ್ಟಿಸಿ. ಒಂದು ಪಾಲಿಗೆ ಹದಿನೈದು ಪಾಲು ನೀರು ಸಾಕು. ಒಂದೆರಡು ನಿಮಿಷ ಕಾಯಿರಿ. ಚುಕ್ಕೆ ಬೆಳ್ಳಗಾದರೆ ಬೂಷ್ಟು. ಕಪ್ಪಾಗಿಯೇ ಇದ್ದರೆ ಮಸಿ ಅಥವಾ ಕೊಳೆ, ಏಕೆಂದರೆ ಇಂಗಾಲಕ್ಕೆ ಬ್ಲೀಚ್ ಏನೂ ಮಾಡಲಾರದು. ಈ ಒಂದು ಹನಿ ಎಷ್ಟೋ ಜನರ ದುಡ್ಡು ಉಳಿಸುತ್ತದೆ. ಬೂಷ್ಟು ಅಂದುಕೊಂಡು ಮಸಿಗೆ ಬಾಟಲಿಗಟ್ಟಲೆ ಬ್ಲೀಚ್ ಸುರಿಯುವವರೂ ಇದ್ದಾರೆ. ಬ್ಲೀಚ್ ಜೊತೆ ಟಾಯ್ಲೆಟ್ ಕ್ಲೀನರ್, ವಿನೆಗರ್, ನಿಂಬೆಹುಳಿ ಯಾವುದನ್ನೂ ಬೆರೆಸಬೇಡಿ. ಅಷ್ಟು ಸಣ್ಣ ಕೋಣೆಯಲ್ಲಿ ಏಳುವ ವಿಷಗಾಳಿ ತಮಾಷೆಯಲ್ಲ.

ಗೋಡೆಗೆ ಏನು ಬಳಿದಿದೆ?

ಇದು ಗೊತ್ತಿಲ್ಲದೆ ನೀರು ಮುಟ್ಟಿಸಬಾರದು. ಬಾಗಿಲ ಹಿಂದೆ, ಯಾರಿಗೂ ಕಾಣದ ಜಾಗದಲ್ಲಿ ಒದ್ದೆ ಕರಿ ಬಟ್ಟೆ ಉಜ್ಜಿ. ಬಟ್ಟೆಗೆ ಬಿಳಿ ಪುಡಿ ಹತ್ತಿದರೆ ಸುಣ್ಣ ಅಥವಾ ಡಿಸ್ಟೆಂಪರ್. ಅದನ್ನು ತೊಳೆಯಲು ಹೋದರೆ ಕರೆಯ ಜೊತೆ ಬಣ್ಣವೂ ಇಳಿಯುತ್ತದೆ. ಅಂಥ ಗೋಡೆಗೆ ಒಣ ಕೆಲಸ ಮಾಡಿ ನಿಲ್ಲಿಸಿ, ಉಳಿದಿದ್ದನ್ನು ಹೆರೆದು ಹೊಸದಾಗಿ ಬಳಿಯುವುದೇ ದಾರಿ.

ಪುಡಿ ಬರದಿದ್ದರೆ ಎಮಲ್ಷನ್ ಅಥವಾ ಆಯಿಲ್ ಪೈಂಟ್. ಮೆಡಿಕಲ್ ಸ್ಟೋರಿನ ಸ್ಪಿರಿಟ್ ಹತ್ತಿಗೆ ಹಾಕಿ ಅದೇ ಮೂಲೆಯಲ್ಲಿ ಉಜ್ಜಿದರೆ ಎಮಲ್ಷನ್ ಮೆತ್ತಗಾಗಿ ಬಣ್ಣ ಬಿಡುತ್ತದೆ, ಆಯಿಲ್ ಪೈಂಟ್ ಬಿಡುವುದಿಲ್ಲ. ಸ್ಪಿರಿಟ್‌ಗೆ ಬೆಂಕಿ ಹತ್ತುತ್ತದೆ, ದೀಪ ಆರಿದೆ ಅಂತ ಇನ್ನೊಮ್ಮೆ ನೋಡಿಕೊಳ್ಳಿ. ಆಯಿಲ್ ಪೈಂಟಿನ ಗೋಡೆ, ಟೈಲ್ಸ್ ಇದ್ದರೆ ನೀವು ಅದೃಷ್ಟವಂತರು, ಸೋಪುನೀರಿಗೇ ಹೋಗುತ್ತದೆ. ಮಾರ್ಬಲ್ ಇದ್ದರೆ ಹುಳಿ ಮುಟ್ಟಿಸಬೇಡಿ, ಹೊಳಪು ಸುಟ್ಟುಹೋಗುತ್ತದೆ. ಫಾಲ್ಸ್ ಸೀಲಿಂಗಿನ ಜಿಪ್ಸಮ್ ಬೋರ್ಡಿಗೆ ನೀರು ಕುಡಿಸಿದರೆ ಊದಿಕೊಳ್ಳುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯ ಹಳೆ ತೊಟ್ಟಿಮನೆಗಳ ಮರದ ಜಂತೆಗೆ ನೀರೇ ಬೇಡ. ಒಣ ಬಟ್ಟೆ, ಮೆತ್ತನೆ ಬ್ರಷ್ ಅಷ್ಟೆ. ಆ ಜಂತೆಗಳ ಕರಿ ಒಂದು ತಲೆಮಾರಿನದಲ್ಲ, ಅದನ್ನು ತೆಗೆಯಲೇಬೇಕು ಅಂತ ನನಗೇನೂ ಅನ್ನಿಸುವುದಿಲ್ಲ.

ಒಣ ಕೆಲಸ

ಇಲ್ಲಿ ಆತುರ ಮಾಡಿದವರೇ ಕೆಡಿಸಿಕೊಳ್ಳುವುದು. ದೇವರ ವಿಗ್ರಹ, ಪಟ ಎಲ್ಲ ಈಚೆ ತನ್ನಿ. ನೆಲಕ್ಕೆ ಹಳೆ ಪಂಚೆಯೋ ಪೇಪರೋ ಹಾಸಿ. ಫ್ಯಾನ್ ಹಾಕಬೇಡಿ, ಮಸಿ ಮನೆಯೆಲ್ಲ ಹಾರುತ್ತದೆ. ಮೂಗಿಗೆ ಮಾಸ್ಕ್ ಇರಲಿ, ತಲೆಗೆ ಬಟ್ಟೆ ಕಟ್ಟಿಕೊಳ್ಳಿ. ಕಣ್ಣಿಗೆ ಕನ್ನಡಕ ಇದ್ದರೆ ಒಳ್ಳೆಯದು, ಚಾವಣಿ ಕೆಲಸದಲ್ಲಿ ಎಲ್ಲ ಉದುರುವುದು ಮುಖದ ಮೇಲೇ.

ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದರ ಬಾಯಿಯನ್ನು ಚಾವಣಿಗೆ ತಾಗಿಸದೆ ಬೆರಳಗಲ ದೂರ ಹಿಡಿದು ಎಳೆಯಿರಿ. ಸಡಿಲ ಪುಡಿ ಹೋಗುತ್ತದೆ. ಆಮೇಲೆ ಬೇಕಾಗುವುದು ಮಸಿ ತೆಗೆಯುವ ಒಣ ರಬ್ಬರ್ ಸ್ಪಂಜ್. ಪಾತ್ರೆ ತಿಕ್ಕುವ ಸ್ಪಂಜ್ ಅಲ್ಲ, ಒದ್ದೆ ಮಾಡದೆ ಬಳಸುವಂಥದ್ದು. ಆನ್‌ಲೈನಿನಲ್ಲಿ ಸಿಗುತ್ತದೆ. ಬೆಂಕಿ ಬಿದ್ದ ಮನೆ ಶುಚಿ ಮಾಡುವವರು ಬಳಸುವುದೂ ಇದನ್ನೇ.

ಅದು ಸಿಗದಿದ್ದರೆ ಗೋಧಿ ಹಿಟ್ಟು ಇದೆಯಲ್ಲ. ನಗಬೇಡಿ. ಕಲ್ಲಿದ್ದಲ ಒಲೆ ಇದ್ದ ಕಾಲದಲ್ಲಿ ಅಮೆರಿಕದವರು ಗೋಡೆಗೆ ಅಂಟಿಸಿದ ಕಾಗದದ ಮಸಿ ತೆಗೆಯುತ್ತಿದ್ದದ್ದು ಹಿಟ್ಟಿನ ಮುದ್ದೆಯಿಂದಲೇ. 1950ರ ದಶಕದಲ್ಲಿ ಆ ಒಲೆಗಳು ಹೋದ ಮೇಲೆ ಅದೇ ಮುದ್ದೆಗೆ ಬಣ್ಣ ಹಾಕಿ ಮಕ್ಕಳ ಆಟಿಕೆ ಮಾಡಿದರು, ಅದೇ ಪ್ಲೇ-ಡೋ. ಎರಡು ಲೋಟ ಗೋಧಿ ಹಿಟ್ಟಿಗೆ ಅರ್ಧ ಲೋಟ ಉಪ್ಪು ಹಾಕಿ, ನೀರು ಸ್ವಲ್ಪ ಸ್ವಲ್ಪವೇ ಸೇರಿಸಿ ಪೂರಿ ಹಿಟ್ಟಿಗಿಂತ ಗಟ್ಟಿ ಕಲಸಿ. ಕೈಗೆ ಅಂಟಬಾರದು. ಅಂಟಿದರೆ ಗೋಡೆಗೂ ಅಂಟುತ್ತದೆ. ಎಣ್ಣೆ ಮಾತ್ರ ಬೇಡ.

ಉಂಡೆಯನ್ನು ಕಪ್ಪಿನ ಮೇಲೆ ಒತ್ತಿ, ನೆಟ್ಟಗೆ ಎತ್ತಿ. ಪಕ್ಕಕ್ಕೆ ಒತ್ತಿ, ಎತ್ತಿ. ಉಂಡೆಯ ಮೈ ಕಪ್ಪಾದ ಕೂಡಲೇ ಮಡಚಿ ನಾದಿ ಹೊಸ ಮೈ ಮಾಡಿಕೊಳ್ಳಿ. ಅಂಚಿನ ತೆಳು ಭಾಗದಿಂದ ಶುರು ಮಾಡಿ ನಡುವಿಗೆ ಬನ್ನಿ. ನಡುವಿನಿಂದ ಶುರು ಮಾಡಿದರೆ ಗಾಢ ಮಸಿಯನ್ನು ಬೆಳ್ಳಗಿರುವ ಕಡೆಗೆ ಸಾಗಿಸಿದ ಹಾಗಾಗುತ್ತದೆ. ಅಕ್ಕನ ಮಗ ಸ್ಟೂಲ್ ಹತ್ತಿ ಈ ಕೆಲಸ ಮಾಡಿದ. ಉಂಡೆ ಕರಿ ಎಳ್ಳಿನ ಚಿಗಳಿಯ ಬಣ್ಣಕ್ಕೆ ತಿರುಗಿತು, ಚಾವಣಿಯ ಕಪ್ಪು ತಿಳಿ ಬೂದಿಗೆ ಇಳಿಯಿತು. ಕೆಲಸ ಮುಗಿದ ಮೇಲೆ ಹಿಟ್ಟಿನ ಚೂರು ಉಳಿಯದ ಹಾಗೆ ಒಣ ಬ್ರಷ್ ಆಡಿಸಿ. ಇಲ್ಲದಿದ್ದರೆ ಇರುವೆ ಬರುತ್ತದೆ, ಮಳೆಗಾಲದಲ್ಲಿ ಅದೇ ಬೂಷ್ಟಿಗೆ ಊಟ.

ಎಷ್ಟು ಸಾಕು? ಹೊಸ ಬಿಳಿ ಹತ್ತಿ ಒತ್ತಿದಾಗ ಅದಕ್ಕೆ ಕರಿ ಹತ್ತದಿದ್ದರೆ ಸಾಕು. ಅಲ್ಲಿಯವರೆಗೆ ನೀರಿನ ಬಕೆಟ್ ಹತ್ತಿರ ತರಬೇಡಿ.

ಒದ್ದೆ ಕೆಲಸ

ಈಗ ಉಳಿದಿರುವುದು ಜಿಡ್ಡು ಮತ್ತು ಅದು ಹಿಡಿದುಕೊಂಡ ಮಸಿ. ಮೊದಲ ಸುತ್ತಿಗೆ ಒಂದು ಲೀಟರ್ ಬಿಸಿನೀರಿಗೆ ಒಂದು ಟೀ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ನೀರು ಕೈ ತಾಳುವಷ್ಟು ಬಿಸಿ ಇರಲಿ. ಇದಕ್ಕೇ ಹಳದಿ ಬಿಟ್ಟರೆ ಮುಂದೆ ಹೋಗುವುದೇ ಬೇಡ.

ಬಿಡದಿದ್ದರೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ. ಅಡುಗೆ ಸೋಡಾ ಅಲ್ಲ, ಬಟ್ಟೆಗೆ ಹಾಕುವ ಸೋಡಾ. ಅದರ ಕ್ಷಾರಕ್ಕೆ ಎಣ್ಣೆಯ ಜಿಡ್ಡು ಸೋಪಿನಂತಾಗಿ ಬಿಡುತ್ತದೆ, ಅಗರಬತ್ತಿಯ ಕಂದು ಅಂಟೂ ಸಡಿಲವಾಗುತ್ತದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಚರ್ಮ ಸುಲಿಯುತ್ತದೆ. ಆಯಿಲ್ ಪೈಂಟಿನ ಮೇಲೆ ಜಾಸ್ತಿ ಹೊತ್ತು ಬಿಟ್ಟರೆ ಹೊಳಪು ಹೋಗುತ್ತದೆ. ಹಾಗಾಗಿ ಅಲ್ಲಿ ಲಿಕ್ವಿಡ್ಡಿನಲ್ಲೇ ನಿಲ್ಲಿಸಿ.

ಬಕೆಟ್ ಎರಡು ಇಟ್ಟುಕೊಳ್ಳಿ, ಒಂದರಲ್ಲಿ ಸೋಪುನೀರು, ಇನ್ನೊಂದರಲ್ಲಿ ಬರೀ ನೀರು. ಬಟ್ಟೆ ಚೆನ್ನಾಗಿ ಹಿಂಡಿ, ಹನಿ ತೊಟ್ಟಿಕ್ಕಬಾರದು. ಒಂದು ಸಲಕ್ಕೆ ಒಂದಡಿ ಚೌಕ ಸಾಕು. ಒರೆಸಿ, ಒಂದು ನಿಮಿಷ ಬಿಟ್ಟು, ಬರೀ ನೀರಿನ ಬಟ್ಟೆಯಲ್ಲಿ ತೆಗೆದು, ಒಣ ಬಟ್ಟೆ ಒತ್ತಿ. ಬಟ್ಟೆಯ ಮೈ ಕೊಳೆಯಾದರೆ ಮಡಚಿ ಹೊಸ ಮೈ ತಿರುಗಿಸಿ. ಸೋಡಾ ಗೋಡೆಯಲ್ಲೇ ಉಳಿದರೆ ಒಣಗಿದ ಮೇಲೆ ಬಿಳಿ ಪುಡಿಯಾಗಿ ಏಳುತ್ತದೆ, ಅದರ ಮೇಲೆ ಬಳಿದ ಪೈಂಟೂ ಹಿಡಿಯುವುದಿಲ್ಲ.

ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ತೊಳೆಯಿರಿ. ಎಲ್ಲರೂ ಮೇಲಿನಿಂದ ಶುರು ಮಾಡುತ್ತಾರೆ, ಕೊಳೆನೀರು ಒಣ ಗೋಡೆಯ ಮೇಲೆ ಗೆರೆ ಗೆರೆಯಾಗಿ ಇಳಿಯುತ್ತದೆ. ಆ ಗೆರೆ ಆಮೇಲೆ ಹೋಗುವುದಿಲ್ಲ. ಕೆಳಗೆ ಮೊದಲೇ ಒದ್ದೆಯಾಗಿದ್ದರೆ ಹರಿದ ನೀರು ಅಲ್ಲಿ ನಿಲ್ಲುವುದಿಲ್ಲ, ಒರೆಸಿದರೆ ಹೋಗುತ್ತದೆ.

ಪಟಗಳ ಗಾಜಿಗೆ ನೇರವಾಗಿ ಸ್ಪ್ರೇ ಹೊಡೆಯಬೇಡಿ, ನೀರು ಚೌಕಟ್ಟಿನೊಳಗೆ ಇಳಿದು ಚಿತ್ರಕ್ಕೆ ಅಂಟುತ್ತದೆ. ಬಟ್ಟೆಗೆ ಹಾಕಿ ಒರೆಸಿ.

ಮೂಲೆಯ ಬೂಷ್ಟಿಗೆ ಕೊನೆಯಲ್ಲಿ ಕೈ ಹಾಕಿ. ಸೋಪುನೀರಿನಲ್ಲಿ ಒರೆಸಿ, ತೆಳು ಬ್ಲೀಚ್ ಹಚ್ಚಿ, ಹತ್ತು ನಿಮಿಷ ಬಿಟ್ಟು ಒರೆಸಿ, ಕಿಟಕಿ ತೆಗೆದು ಒಣಗಿಸಿ. ಆದರೆ ತೇವ ನಿಲ್ಲದಿದ್ದರೆ ಮುಂದಿನ ಮಳೆಗೆ ಮತ್ತೆ ಹಾಜರು. ಅಕ್ಕನ ಮನೆಯಲ್ಲಿ ತಾರಸಿ ಹತ್ತಿ ನೋಡಿದರೆ ಸರಿಯಾಗಿ ಆ ಮೂಲೆಯ ಮೇಲೆ ನೀರು ಹೋಗುವ ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡು ನೀರು ನಿಂತಿತ್ತು. ದೀಪದ್ದೂ ಅಗರಬತ್ತಿಯದೂ ಇದರಲ್ಲಿ ತಪ್ಪೇ ಇರಲಿಲ್ಲ.

ತೊಳೆದರೂ ಹೋಗದೆ ಉಳಿದ ಹಳದಿ

ಇಷ್ಟೆಲ್ಲ ಆದ ಮೇಲೆ ಕಪ್ಪು ಬಹುಪಾಲು ಹೋಗಿತ್ತು. ಗೋಡೆಗಳ ಮೇಲಿನ ಹೊಸ ಜಿಡ್ಡೂ ಹೋಗಿತ್ತು. ಚಾವಣಿಯ ನಡುವೆ ಮಾತ್ರ ತಿಳಿ ಕಂದು ಉಂಗುರವೊಂದು ಹಾಗೇ ಉಳಿಯಿತು, ಹತ್ತಿ ಬೆಳ್ಳಗೇ ಬರುತ್ತಿತ್ತು. "ಹೋದ ಸಲ ಎರಡು ಕೋಟ್ ಹೊಡೆಸಿದ್ದೀನಿ ಅಣ್ಣ, ಪೈಂಟೇ ಸರಿ ಇರಲಿಲ್ವೇನೋ," ಅಂದರು ಅಕ್ಕ. ಪೈಂಟಿನ ದೋಷವಲ್ಲ ಅದು.

ಎಮಲ್ಷನ್ ನೀರಿನಲ್ಲಿ ಕಲಸುವ ಬಣ್ಣ. ಜಿಡ್ಡು ತೆಗೆಯದೆ ಅದನ್ನು ಬಳಿದರೆ ಅಗರಬತ್ತಿಯ ಕಂದು ಅಂಟು ಆ ನೀರಿಗೆ ಸ್ವಲ್ಪ ಕರಗುತ್ತದೆ. ಬಣ್ಣ ಒಣಗುವಾಗ ನೀರು ಮೇಲಕ್ಕೆ ಬಂದು ಆವಿಯಾಗುತ್ತದಲ್ಲ, ಕಂದು ಬಣ್ಣವನ್ನೂ ಜೊತೆಗೇ ಮೇಲಕ್ಕೆ ತಂದು ಬಿಟ್ಟು ಹೋಗುತ್ತದೆ. ಇನ್ನೊಂದು ಕೋಟ್ ಹೊಡೆದರೂ ಅದೇ ಆಟ. ಐದು ಕೋಟ್ ಹೊಡೆಸಿದವರನ್ನೂ ಕಂಡಿದ್ದೇನೆ.

ಇದಕ್ಕೆ ಬೇಕಾದದ್ದು ನೀರಿಲ್ಲದ ಒಂದು ತಡೆ ಪದರ. ಅರಗಿನಿಂದ ಮಾಡಿದ ಶೆಲ್ಯಾಕ್ ಪ್ರೈಮರ್ ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದು. ಆದರೆ ನಮ್ಮ ಕಡೆ ಸುಲಭಕ್ಕೆ ಸಿಗುವುದು ಸಾಲ್ವೆಂಟ್ ಬೇಸ್ಡ್ ವಾಲ್ ಪ್ರೈಮರ್, ಅಂದರೆ ಟರ್ಪೆಂಟೈನ್ ಹಾಕಿ ತೆಳು ಮಾಡುವಂಥದ್ದು. ಡಬ್ಬದ ಮೇಲೆ ತೆಳು ಮಾಡಲು ನೀರು ಅಂತ ಬರೆದಿದ್ದರೆ ಅದು ಈ ಕೆಲಸಕ್ಕೆ ಬರುವುದಿಲ್ಲ. ಇದೊಂದನ್ನು ಅಂಗಡಿಯಲ್ಲಿ ಓದಿಯೇ ತನ್ನಿ.

ತೊಳೆದ ಚಾವಣಿ ಎರಡು ದಿನ ಒಣಗಲಿ. ಮಳೆಗಾಲವಾದರೆ ಇನ್ನೂ ಕಾಯಬೇಕು, ತೇವದ ಮೇಲೆ ಹೊಡೆದ ಸಾಲ್ವೆಂಟ್ ಪ್ರೈಮರ್ ಸಿಪ್ಪೆಯೇಳುತ್ತದೆ. ಉಂಗುರದ ಸುತ್ತ ಒಂದಡಿ ಜಾಸ್ತಿಯೇ ತೆಗೆದುಕೊಂಡು ಸಣ್ಣ ಎಮರಿ ಕಾಗದದಲ್ಲಿ ಮೆಲ್ಲಗೆ ಉಜ್ಜಿ, ಧೂಳು ಒರೆಸಿ, ಒಂದು ಕೋಟ್ ಪ್ರೈಮರ್ ಹೊಡೆಯಿರಿ. ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೋಡಿದಾಗ ಪ್ರೈಮರ್ ಮೇಲೂ ಕಂದು ಕಂಡರೆ ಇನ್ನೊಂದು ಕೋಟ್. ಪ್ರೈಮರ್ ಬೆಳ್ಳಗೇ ಉಳಿದರೆ ಮಾತ್ರ ಮೇಲೆ ಎಮಲ್ಷನ್. ಅಕ್ಕನ ಮನೆಗೆ ಒಂದೇ ಕೋಟ್ ಸಾಕಾಯಿತು. ಚಾವಣಿಗೆ ಪೂರ್ತಿ ಎಮಲ್ಷನ್ ಹೊಡೆಸಬೇಕಾಯಿತು, ತೇಪೆ ಹಾಕಿದರೆ ಎದ್ದು ಕಾಣುತ್ತದೆ.

ಈ ಪ್ರೈಮರ್ ಒಣಗುವವರೆಗೆ ಆ ಕೋಣೆಯಲ್ಲಿ ದೀಪ ಹಚ್ಚುವಂತಿಲ್ಲ. ಅದರ ಆವಿಗೆ ಬೆಂಕಿ ಹತ್ತುತ್ತದೆ. ದೇವರನ್ನು ನಡುಮನೆಯಲ್ಲಿ ಮಣೆ ಹಾಕಿ ಕೂರಿಸಿ, ದೀಪ ಅಲ್ಲೇ ಹಚ್ಚಿ. ಅಕ್ಕನ ಅತ್ತೆಗೆ ಇದು ಒಪ್ಪಿಗೆಯಾಗಲಿಲ್ಲ, ಆದರೆ ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿದ ಮೇಲೆ ಸುಮ್ಮನಾದರು.

ಇಷ್ಟು ಮಸಿ ಬಂದಿದ್ದಾದರೂ ಎಲ್ಲಿಂದ?

ಇದನ್ನು ಕಂಡುಹಿಡಿಯಲು ಒಂದು ಬಿಳಿ ಪಿಂಗಾಣಿ ತಟ್ಟೆ ಸಾಕು. ಉರಿಯುವ ದೀಪದ ಮೇಲೆ ಒಂದಡಿ ಎತ್ತರದಲ್ಲಿ, ಬಟ್ಟೆ ಸುತ್ತಿದ ಇಕ್ಕಳದಲ್ಲಿ ತಟ್ಟೆ ಹಿಡಿದು ಒಂದು ನಿಮಿಷ ಬಿಡಿ. ತಟ್ಟೆ ಬೆಳ್ಳಗಿದ್ದರೆ ದೀಪ ಸರಿಯಾಗಿ ಉರಿಯುತ್ತಿದೆ. ಬೂದು ಮಚ್ಚೆ ಬಿದ್ದರೆ ಇಲ್ಲ. ಹಿಂದೆ ಕಾಡಿಗೆ ಮಾಡುತ್ತಿದ್ದದ್ದು ಹೀಗೇ ಅಲ್ವಾ, ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ. ಅಲ್ಲಿ ಮಸಿ ಬೇಕಿತ್ತು, ಇಲ್ಲಿ ಬೇಡ, ಅಷ್ಟೇ ವ್ಯತ್ಯಾಸ.

ಮಚ್ಚೆ ಬಿದ್ದರೆ ಮೊದಲು ಬತ್ತಿ ನೋಡಿ. ಬತ್ತಿ ಉದ್ದ ಇದ್ದಷ್ಟೂ ಅದು ಎಳೆದು ಆವಿ ಮಾಡುವ ಎಣ್ಣೆ ಜಾಸ್ತಿ. ಅಷ್ಟನ್ನೂ ಸುಡಲು ಸುತ್ತಲ ಗಾಳಿ ಸಾಲದೆ ಹೋದಾಗ ಉಳಿದ ಇಂಗಾಲ ಮಸಿಯಾಗಿ ಏಳುತ್ತದೆ. ಜ್ವಾಲೆಯ ತುದಿ ಚೂಪಾಗಿ ನಿಂತಿದ್ದರೆ ಸರಿ. ತುದಿ ಕೆಂಪಗಾಗಿ ತೆಳು ಕರಿ ಎಳೆ ಮೇಲೇಳುತ್ತಿದ್ದರೆ ಬತ್ತಿ ಹಿಂದಕ್ಕೆ ಎಳೆಯಿರಿ, ಎಣ್ಣೆಯಿಂದ ಅರ್ಧ ಸೆಂಟಿಮೀಟರ್ ಈಚೆ ಇದ್ದರೆ ಸಾಕು. ಸುಟ್ಟು ಕರಕಲಾದ ತುದಿಯನ್ನು ದೀಪ ಹಚ್ಚುವ ಮುಂಚೆ ಪ್ರತಿ ದಿನ ಚಿವುಟಿ. ಆಮೇಲೆ ಗಾಳಿ. ಜ್ವಾಲೆ ಅಲ್ಲಾಡಿದಾಗೆಲ್ಲ ಅದು ತಣ್ಣಗಾಗಿ ಮಸಿ ಬಿಡುತ್ತದೆ. ಅಕ್ಕನ ಮನೆಯಲ್ಲಿ ದೀಪದ ಮಟ್ಟದಲ್ಲೇ ಒಂದು ಕಿಂಡಿ ಇತ್ತು, ಸಂಜೆ ಗಾಳಿ ನೇರ ಜ್ವಾಲೆಗೇ ಬಡಿಯುತ್ತಿತ್ತು. ಕಿಂಡಿಗೆ ಒಂದು ಸಣ್ಣ ಹಲಗೆ ಅಡ್ಡ ಇಟ್ಟಾಗ ತಟ್ಟೆಯ ಮಚ್ಚೆ ಅರ್ಧಕ್ಕರ್ಧ ಇಳಿಯಿತು. ಗಾಳಿಯಾಡಲು ದಾರಿ ಬೇಕೇ ಬೇಕು, ಆದರೆ ಅದು ಚಾವಣಿಯ ಹತ್ತಿರ ಇರಲಿ, ದೀಪದ ಎದುರಿಗಲ್ಲ.

ಬತ್ತಿ, ಗಾಳಿ ಎರಡೂ ಸರಿಯಾಗಿದ್ದು ಇನ್ನೂ ಮಸಿ ಬಂದರೆ ಎಣ್ಣೆ ಬದಲಿಸಿ ಅದೇ ತಟ್ಟೆ ಹಿಡಿದು ನೋಡಿ. 'ದೀಪದ ಎಣ್ಣೆ' ಅಂತ ಬಾಟಲಿಯಲ್ಲಿ ಬರುವುದರಲ್ಲಿ ಏನೇನು ಬೆರೆತಿದೆ ಅನ್ನುವುದಕ್ಕಿಂತ ತಟ್ಟೆ ಹೇಳಿದ್ದನ್ನು ನಂಬುವುದು ವಾಸಿ.

ಕೊನೆಗೆ ಕರ್ಪೂರ. ಇದನ್ನು ಯಾರೂ ಅನುಮಾನಿಸುವುದಿಲ್ಲ, "ಒಂದು ನಿಮಿಷ ತಾನೇ ಉರಿಯೋದು" ಅಂತಾರೆ. ಅದೇ ತಟ್ಟೆಯನ್ನು ಮಂಗಳಾರತಿಯ ಕರ್ಪೂರದ ಮೇಲೆ ಹಿಡಿದು ನೋಡಿ. ಕರ್ಪೂರದಲ್ಲಿ ಇಂಗಾಲದ ಪಾಲು ಜಾಸ್ತಿ, ಬತ್ತಿಯ ಹತೋಟಿಯೂ ಇಲ್ಲದೆ ಒಮ್ಮೆಲೇ ಭಗ್ಗನೆ ಹೊತ್ತಿಕೊಳ್ಳುತ್ತದೆ. ಕರಿ ಹೊಗೆ ಕಣ್ಣಿಗೇ ಕಾಣುತ್ತದೆ. ಅಕ್ಕನ ಮನೆಯಲ್ಲಿ ದೀಪದಿಂದ ಬಿದ್ದದ್ದು ತಿಳಿ ಬೂದು ಮಚ್ಚೆ, ಕರ್ಪೂರದಿಂದ ಬೆರಳಿಟ್ಟರೆ ಅಚ್ಚು ಮೂಡುವಷ್ಟು ದಪ್ಪ ಕರಿ. ತಟ್ಟೆ ನೋಡಿ ಅತ್ತೆಯವರೇ ಹೇಳಿದರು: "ಆರತಿ ಹೊಸ್ತಿಲ ಹತ್ರ ತಂದು ಹಚ್ಚಿದ್ರಾಯ್ತು ಬಿಡು." ಈಗ ಒಳಗೆ ಎಣ್ಣೆ ದೀಪ ಮಾತ್ರ, ಕರ್ಪೂರ ಬಾಗಿಲಲ್ಲಿ, ಅಗರಬತ್ತಿ ತುಳಸಿ ಕಟ್ಟೆಯಲ್ಲಿ.

ದೀಪದ ಮೇಲೆ ಒಂದೂವರೆ ಅಡಿ ಎತ್ತರಕ್ಕೆ ಸರಪಳಿಯಲ್ಲಿ ಒಂದು ಹಿತ್ತಾಳೆ ತಟ್ಟೆಯನ್ನೂ ಬೋರಲು ತೂಗುಹಾಕಿದ್ದಾರೆ. ಮಸಿ ಚಾವಣಿಗೆ ಹೋಗುವ ಮುಂಚೆ ಅಲ್ಲೇ ಹಿಡಿದುಕೊಳ್ಳುತ್ತದೆ, ಶುಕ್ರವಾರ ಪಾತ್ರೆಗಳ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ಬೆಳಗುತ್ತಾರೆ. ಮಸಿ ಪೂರ್ತಿ ನಿಂತಿಲ್ಲ, ಉರಿಯುವ ದೀಪ ಇರುವವರೆಗೆ ಅದು ನಿಲ್ಲುವುದೂ ಇಲ್ಲ. ತಿಂಗಳಿಗೊಮ್ಮೆ ಒಣ ಸ್ಪಂಜ್ ಆಡಿಸಿದರೆ ಜಿಡ್ಡು ಹಿಡಿಯುವ ಮುಂಚೆಯೇ ಪುಡಿ ಬಂದುಬಿಡುತ್ತದೆ.